ಬೆಟ್ಟ ಹತ್ತುವ ಮುಂಚೆ ಡಾಕ್ಟರು ಬರೆಯುವ ಆ ಒಂದು ಹಾಳೆ

(ಚಿಕ್ಕಮಗಳೂರಿನಲ್ಲಿ ಪಿ.ಟಿ. ಮೇಷ್ಟ್ರುಗಳು, ಪೋಷಕರು ಮತ್ತು ಕೆಲವು ಯುವ ವೈದ್ಯರ ಮುಂದೆ ಆಡಿದ ಮಾತಿನ ಬರಹ ರೂಪ. ಇಲ್ಲಿ ಬರುವ ಮಕ್ಕಳ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ಒಂದು ಸಂಜೆ ಒಂದು ಶಾಲೆಯವರು ಅರವತ್ತು ಫಿಟ್‌ನೆಸ್ ಸರ್ಟಿಫಿಕೇಟ್ ಫಾರಂ ತಂದಿಟ್ಟರು. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಬಸ್ಸು. ಮಕ್ಕಳು ಬಂದಿರಲಿಲ್ಲ, ಬರೀ ಹೆಸರುಗಳು ಬಂದಿದ್ದವು. "ಸುಮ್ನೆ ಒಂದು ಫಾರ್ಮಾಲಿಟಿ ಸಾರ್" ಅಂದರು. ನಾನು ಕಾಫಿ ಕುಡಿಯುತ್ತಾ ಅರವತ್ತಕ್ಕೂ ಸಹಿ ಹಾಕಿದೆ. "ದೈಹಿಕವಾಗಿ ಮತ್ತು ಮಾನಸಿಕವಾಗಿ ಸದೃಢ" ಅಂತ ಅಚ್ಚಾಗಿತ್ತು, ನಾನು ಸೀಲು ಒತ್ತಿದೆ. ಏನೂ ಆಗಲಿಲ್ಲ. ಮಕ್ಕಳು ಹೋದರು, ಬಂದರು. ಏನೂ ಆಗಲಿಲ್ಲ ಅನ್ನುವುದೇ ಈ ಕೆಟ್ಟ ಅಭ್ಯಾಸಕ್ಕೆ ಗೊಬ್ಬರ.

ಆ ಅಭ್ಯಾಸ ಬಿಡಿಸಿದ್ದು ಒಬ್ಬ ಹುಡುಗ. ಒಂಬತ್ತನೇ ಕ್ಲಾಸು, ಹದಿನಾಲ್ಕು ವರ್ಷ, ತೆಳ್ಳಗೆ, ಚುರುಕು. ಮುಳ್ಳಯ್ಯನಗಿರಿಗೆ ಟ್ರೆಕ್. ಸರ್ಪದಾರಿಯ ಕಡೆಯಿಂದ ಹತ್ತುವುದು ಅಂತ ಫಾರಂನಲ್ಲಿ ಮೇಷ್ಟ್ರು ಬರೆದಿದ್ದರು. ಅದನ್ನು ಬರೆದಿದ್ದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ, ನಮ್ಮ ರಾಜ್ಯದಲ್ಲೇ ಎಲ್ಲಕ್ಕಿಂತ ಎತ್ತರದ ಶಿಖರ. ಎತ್ತರ ಅಂದ ತಕ್ಷಣ ಪೋಷಕರು ಆಕ್ಸಿಜನ್ ಬಗ್ಗೆ ಕೇಳುತ್ತಾರೆ. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನ ಮಾತು. ನಮ್ಮೂರೇ ಸಾವಿರ ಮೀಟರ್ ಮೇಲಿದೆ. ಹಾಗಾಗಿ ಇಲ್ಲಿ ಆ ಚಿಂತೆ ಬೇಡ. ಚಿಂತೆ ಇರಬೇಕಾದದ್ದು ಏರಿನ ಬಗ್ಗೆ. ಬೆನ್ನಿಗೆ ಬ್ಯಾಗು, ಎದುರಿಗೆ ಗಾಳಿ, ಗೆಳೆಯರ ಜೊತೆ ಪಂದ್ಯ, ಗಂಟೆಗಟ್ಟಲೆ ಬಿಡದ ಏರು. ಶಾಲೆಯ ಮೈದಾನದಲ್ಲಿ ಸುಸ್ತಾದ ಮಗು ಕೂತುಬಿಡುತ್ತದೆ. ಇಲ್ಲಿ ಗುಂಪು ಮುಂದೆ ಹೋಗುತ್ತಿರುವಾಗ ಯಾವ ಮಗುವೂ ಕೂರುವುದಿಲ್ಲ.

ಹುಡುಗನಿಗೆ ಕೇಳಿದೆ, "ಏನಪ್ಪಾ, ಎದೆ ನೋವು, ಉಸಿರಾಟದ ತೊಂದರೆ ಏನಾದ್ರೂ ಇದೆಯಾ?" "ಇಲ್ಲ ಸಾರ್." ಎಲ್ಲ ಮಕ್ಕಳೂ ಹೇಳುವುದು ಅದನ್ನೇ. ಇದೆ ಅಂದರೆ ಟ್ರೆಕ್ ತಪ್ಪುತ್ತದೆ ಅಂತ ಅವರಿಗೆ ಗೊತ್ತು. ಅದಕ್ಕೇ ಈಗ ನಾನು ಕೇಳುವ ರೀತಿ ಬೇರೆ. "ನಿಮ್ಮ ಕ್ಲಾಸಲ್ಲಿ ಓಟದಲ್ಲಿ ನೀನು ಎಷ್ಟನೆಯವನು? ಹೋದ ವರ್ಷ ಎಷ್ಟನೆಯವನಾಗಿದ್ದೆ?" ಹೋದ ವರ್ಷ ಮುಂದಿದ್ದವನು ಈ ವರ್ಷ ಹಿಂದೆ ಬಿದ್ದಿದ್ದರೆ, ಯಾಕೆ ಅಂತ ನಾನು ತಿಳಿದುಕೊಳ್ಳಬೇಕು. "ಓಡುವಾಗ ಯಾವತ್ತಾದ್ರೂ ಬಿದ್ದಿದ್ದೀಯಾ?" ಅಂತಲೂ ಕೇಳುತ್ತೇನೆ. ಬೀಳುವುದು ಕಾಯಿಲೆ ಅಲ್ಲವಲ್ಲ, ಹೇಳಿಬಿಡುತ್ತಾರೆ.

ಆ ದಿನ ನಾನು ಹಾಗೆ ಕೇಳಿರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ತಾಯಿ ತಾನಾಗಿಯೇ ಹೇಳಿದರು. "ಸ್ಪೋರ್ಟ್ಸ್ ದಿನ ನೂರು ಮೀಟರ್ ಓಡೋವಾಗ ಬಿದ್ದಿದ್ದ ಸಾರ್. ಬಿಸಿಲಿಗೆ ತಲೆ ಸುತ್ತು ಬಂದಿತ್ತು. ಗ್ಲೂಕೋಸ್ ಕುಡಿಸಿದ್ರು, ಸರಿ ಹೋದ."

ಇಲ್ಲಿ ಸ್ವಲ್ಪ ನಿಲ್ಲೋಣ. ಮಕ್ಕಳು ತಲೆ ಸುತ್ತಿ ಬೀಳುವುದು ಅಪರೂಪ ಏನಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ತಿಂಡಿ ತಿನ್ನದೆ ಬಂದ ಮಗು ಬೀಳುತ್ತದೆ. ಬೀಳುವ ಮುಂಚೆ ಅದಕ್ಕೆ ಬೆವರು ಬರುತ್ತದೆ, ಕಣ್ಣು ಕತ್ತಲೆ ಕಟ್ಟುತ್ತದೆ, ಹೊಟ್ಟೆ ತೊಳಸಿದ ಹಾಗಾಗುತ್ತದೆ, ಮುಖ ಬಿಳಚಿಕೊಳ್ಳುತ್ತದೆ. ನಿಂತು ನಿಂತು ರಕ್ತ ಕಾಲಿಗಿಳಿದು ಬರುವ ಈ ಬವಳಿಕೆಗೆ ಹೆದರಬೇಕಾದ್ದು ಕಡಿಮೆ. ಓಟ ಮುಗಿಸಿ ಗಕ್ಕನೆ ನಿಂತಾಗ ಬೀಳುವುದೂ ಹೆಚ್ಚಾಗಿ ಇದೇ ಜಾತಿ. ಆದರೆ ಓಡುತ್ತಾ ಇರುವಾಗಲೇ, ಹೆಜ್ಜೆ ಎತ್ತಿದಲ್ಲೇ, ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದರೆ ಅದು ಬೇರೆ. ಅಂಥವರು ಕೈ ಊರಿಕೊಳ್ಳುವುದಿಲ್ಲ. ಗಲ್ಲ, ಮೂಗು, ಹಲ್ಲಿಗೆ ಪೆಟ್ಟಾಗಿರುತ್ತದೆ. ಹುಡುಗನ ಗಲ್ಲ ನೋಡಿದೆ. ಹೊಲಿಗೆಯ ಗುರುತಿತ್ತು. ಓಡುತ್ತಿರುವಾಗಲೇ ಬಿದ್ದ ಮಗುವಿನ ವಿಷಯದಲ್ಲಿ, ಅದು ಹೃದಯದ ತೊಂದರೆ ಅಲ್ಲ ಅಂತ ಗೊತ್ತಾಗುವವರೆಗೆ ಹೃದಯದ್ದೇ ಅಂತ ಇಟ್ಟುಕೊಳ್ಳಬೇಕು.

ಆಮೇಲೆ ಮನೆತನದ ವಿಷಯ. "ನಿಮ್ಮ ಮನೇಲಿ ಹಾರ್ಟ್ ಕಾಯಿಲೆ ಯಾರಿಗಾದ್ರೂ ಇದೆಯಾ?" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಜನರ ನೆನಪಿನಲ್ಲಿ ಅದು ಆ ಹೆಸರಲ್ಲಿ ಇರುವುದೇ ಇಲ್ಲ. "ಚಿಕ್ಕ ವಯಸ್ಸಲ್ಲಿ ಯಾರಾದ್ರೂ ತೀರಿಹೋಗಿದ್ದಾರಾ? ಹೇಗೆ?" ಅಂತ ಕೇಳಬೇಕು. ಆಗ ಕಥೆಗಳು ಬರುತ್ತವೆ. "ಅಣ್ಣ ನಿದ್ದೇಲೇ ಹೋಗಿಬಿಟ್ಟ." "ಚೆನ್ನಾಗಿ ಈಜು ಬರ್ತಿತ್ತು, ಕೆರೇಲಿ ಮುಳುಗಿಹೋದ." "ತೋಟದಲ್ಲಿ ಗಾಳಿ ಸೋಕಿತು ಅಂದ್ರು." "ಅವಳಿಗೆ ಫಿಟ್ಸ್ ಇತ್ತು, ಮಾತ್ರೆ ಕೊಟ್ರೂ ನಿಲ್ಲಲಿಲ್ಲ." ಇದರಲ್ಲಿ ಯಾವುದು ಹೃದಯದ್ದು, ಯಾವುದು ಅಲ್ಲ ಅಂತ ಮೇಜಿನ ಮುಂದೆ ಕೂತು ಹೇಳಲು ಆಗುವುದಿಲ್ಲ. ಆದರೆ ಈಜು ಬರುವ ಯುವಕ ಮುಳುಗಿದ ಅಂದರೆ ನಾನು ಕಿವಿ ನಿಮಿರಿಸುತ್ತೇನೆ. ಹೃದಯದ ವಿದ್ಯುತ್ ಹರಿವು ಕೆಡುವ, ವಂಶದಲ್ಲಿ ಬರುವ ಕೆಲವು ಕಾಯಿಲೆಗಳಿವೆ. ಅದರಲ್ಲೊಂದು ಬಗೆಯವರಿಗೆ ಈಜುವಾಗಲೇ ಬಡಿತ ತಾಳ ತಪ್ಪುತ್ತದೆ. ಅಂಥವರು ಬಿದ್ದು ಒದ್ದಾಡುವುದು ನೋಡಿ ಫಿಟ್ಸ್ ಅಂದುಕೊಳ್ಳುವುದೂ ಉಂಟು. ಐವತ್ತು ವರ್ಷಕ್ಕೆ ಮುಂಚೆ ಹತ್ತಿರದ ಸಂಬಂಧಿ ಹಠಾತ್ತನೆ ತೀರಿಹೋಗಿದ್ದರೆ ಅದನ್ನು ಬರೆದುಕೊಳ್ಳಬೇಕು, ಕಾರಣ ಏನೇ ಹೇಳಲಿ.

ಈ ಹುಡುಗನ ಚಿಕ್ಕಪ್ಪ ಮೂವತ್ತೆರಡಕ್ಕೆ ಹೋಗಿದ್ದರು. ಕಣದಲ್ಲಿ ಕಾಫಿ ಮೂಟೆ ಹೊರುತ್ತಿದ್ದರಂತೆ. "ಹಾರ್ಟ್ ಅಟ್ಯಾಕ್ ಅಂದ್ರು ಸಾರ್, ಸಿಗರೇಟು ಸೇದ್ತಿದ್ದ."

ಇನ್ನು ಪರೀಕ್ಷೆ. ಸ್ವೆಟರ್ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಸ್ವೆಟರಿನ ಆರೋಗ್ಯ ಗೊತ್ತಾಗುತ್ತದೆ ಅಷ್ಟೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಮಕ್ಕಳು ಮೂರು ಪದರ ಹಾಕಿಕೊಂಡು ಬರುತ್ತಾರೆ. ಪರದೆ ಎಳೆದು, ಹೆಣ್ಣುಮಕ್ಕಳ ಜೊತೆ ತಾಯಿ ಅಥವಾ ನರ್ಸ್ ಇದ್ದು, ಪದರ ತೆಗೆಸಿಯೇ ನೋಡಬೇಕು. ಮಲಗಿಸಿ ಒಮ್ಮೆ ಕೇಳಬೇಕು, ನಿಲ್ಲಿಸಿ ಇನ್ನೊಮ್ಮೆ. ಈ ಎರಡನೇ ಸಲ ಕೇಳುವುದಿದೆಯಲ್ಲ, ಅದನ್ನು ಬಿಡುವವರೇ ಜಾಸ್ತಿ. ಯುವ ವೈದ್ಯರು ದಯವಿಟ್ಟು ಗಮನಿಸಿ.

ಮಕ್ಕಳ ಎದೆಯಲ್ಲಿ ಲಬ್-ಡಬ್ ನಡುವೆ ಸುಂಯ್ ಅನ್ನುವ ಶಬ್ದ, ಮರ್ಮರ್ ಅನ್ನುತ್ತೇವೆ, ಕೇಳಿಸುವುದು ತುಂಬಾ ಸಾಮಾನ್ಯ. ಬಹುಪಾಲು ಮಕ್ಕಳಲ್ಲಿ ಅದು ನಿರಪಾಯದ ಶಬ್ದ. ಎದ್ದು ನಿಂತಾಗ ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ. ಹರಿವು ಕಡಿಮೆಯಾದರೆ ಈ ನಿರಪಾಯದ ಶಬ್ದವೂ ತಗ್ಗುತ್ತದೆ. ಆದರೆ ಒಂದು ಕಾಯಿಲೆಯಲ್ಲಿ ಇದು ಉಲ್ಟಾ. ಅದರಲ್ಲಿ ಹೃದಯದ ಮಾಂಸದ ಗೋಡೆ ದಪ್ಪವಾಗಿ ರಕ್ತ ಹೊರಡುವ ದಾರಿಗೇ ಅಡ್ಡ ಬಂದಿರುತ್ತದೆ. ಹೃದಯ ತುಂಬಿದ್ದಾಗ ಆ ದಾರಿ ಸ್ವಲ್ಪ ಅಗಲವಾಗಿರುತ್ತದೆ. ನಿಂತಾಗ ಹೃದಯ ಅಷ್ಟು ತುಂಬುವುದಿಲ್ಲ, ದಾರಿ ಇನ್ನೂ ಕಿರಿದಾಗುತ್ತದೆ, ಶಬ್ದ ಜೋರಾಗುತ್ತದೆ. ಕುಕ್ಕರುಗಾಲಲ್ಲಿ ಕೂರಿಸಿದರೆ ಕಾಲಿನ ರಕ್ತ ಮೇಲೆ ಬಂದು ಮತ್ತೆ ತಗ್ಗುತ್ತದೆ. ಯಂತ್ರ ಬೇಡ, ಕರೆಂಟು ಬೇಡ, ಒಂದೇ ನಿಮಿಷದ ಕೆಲಸ.

ಹುಡುಗ ಮಲಗಿದ್ದಾಗ ನನಗೆ ಏನೂ ಕೇಳಿಸಲಿಲ್ಲ ಅಂದರೂ ಸರಿ. ನಿಂತಾಗ ಎದೆಯ ಎಡ ಅಂಚಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಕೂರಿಸಿದೆ, ತಗ್ಗಿತು. ನಿಲ್ಲಿಸಿದೆ, ಬಂತು. ಮೂರು ಸಲ ಮಾಡಿಸಿದ ಮೇಲೆ ಅವನು, "ಸಾರ್, ಇದೂ ಪಿ.ಟಿ. ಪೀರಿಯಡ್ಡಾ?" ಅಂತ ಕೇಳಿದ.

ಇಸಿಜಿಯಲ್ಲಿ ಟಿ ಅಲೆಗಳು ತಲೆಕೆಳಗಾಗಿದ್ದವು. ಎಕೋದಲ್ಲಿ ಹೃದಯದ ನಡುಗೋಡೆ 22 ಮಿಲಿಮೀಟರ್ ದಪ್ಪ. ಅವನ ವಯಸ್ಸಿಗೆ ಅದರ ಅರ್ಧದಷ್ಟೂ ಇರಬಾರದು. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಅಂತ ಆ ಕಾಯಿಲೆಯ ಹೆಸರು. ಹೆಸರು ಉದ್ದ, ಅರ್ಥ ಇಷ್ಟೇ, ಕಾರಣವಿಲ್ಲದೆ ದಪ್ಪವಾದ ಹೃದಯ. ಜೋರಾಗಿ ದಣಿದಾಗ ಬಡಿತ ಹಠಾತ್ತನೆ ಕೆಟ್ಟು ಹೋಗುವ ಅಪಾಯ ಇದರಲ್ಲಿದೆ. ಚಿಕ್ಕಪ್ಪನ ಸಾವಿನ ಕಥೆಯನ್ನು ಮನೆಯವರು ಆಗ ಹೊಸದಾಗಿ ಯೋಚಿಸಿದರು.

ಹಾಗಾದರೆ ಎಲ್ಲ ಮಕ್ಕಳಿಗೂ ಇಸಿಜಿ ಮಾಡಿಸಿಬಿಡಿ ಅಂತ ಒಬ್ಬ ಪೋಷಕರು ಆಗಲೇ ಚೀಟಿ ಕಳಿಸಿದ್ದಾರೆ. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಆಟಗಾರರಿಗೆ ಇಸಿಜಿ ಕಡ್ಡಾಯ. ಅಮೆರಿಕದ ಹೃದಯ ತಜ್ಞರ ಸಂಘ ಎಲ್ಲರಿಗೂ ಕಡ್ಡಾಯ ಮಾಡುವುದನ್ನು ಒಪ್ಪಿಲ್ಲ. ಅವರು ಹದಿನಾಲ್ಕು ಅಂಶಗಳ ಒಂದು ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಹತ್ತು ಬರೀ ಪ್ರಶ್ನೆಗಳು, ಕೈಯಿಂದ ಮುಟ್ಟಿ ನೋಡುವುದು ನಾಲ್ಕೇ. ನನ್ನ ಅಭಿಪ್ರಾಯ ಎರಡನೆಯವರ ಕಡೆ. ಮಕ್ಕಳ ಇಸಿಜಿ ಓದುವುದು ಸುಲಭವಲ್ಲ. ಚೆನ್ನಾಗಿರುವ ಎಷ್ಟೋ ಮಕ್ಕಳ ಇಸಿಜಿ ಕೂಡ ದೊಡ್ಡವರ ಲೆಕ್ಕದಲ್ಲಿ ವಿಚಿತ್ರವಾಗಿ ಕಾಣುತ್ತದೆ. ಸುಮ್ನೆ ಹತ್ತು ಮನೆಗಳಿಗೆ ನಿದ್ದೆ ಕೆಡಿಸಿ, ಕೇಳಬೇಕಾದ ಪ್ರಶ್ನೆಯನ್ನೇ ಕೇಳದೆ ಕಳಿಸುವುದು ಬೇಡ. ಪ್ರಶ್ನೆಗೆ "ಹೌದು" ಬಂದ ಮಗುವಿಗೆ ಮಾತ್ರ ಇಸಿಜಿ, ಎಕೋ ಎರಡೂ ಬೇಕು. ಇಷ್ಟೆಲ್ಲ ಮಾಡಿದರೂ ಕೆಲವು ತೊಂದರೆ ಕೈಗೆ ಸಿಗುವುದಿಲ್ಲ. ಹೃದಯದ ರಕ್ತನಾಳ ಹುಟ್ಟಿನಿಂದಲೇ ತಪ್ಪು ಜಾಗದಿಂದ ಹೊರಟಿದ್ದರೆ ಸ್ಟೆತಸ್ಕೋಪಿಗೂ ತಿಳಿಯದು, ಇಸಿಜಿಯೂ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಅದಕ್ಕೇ ಸರ್ಟಿಫಿಕೇಟ್ ಕೈಯಲ್ಲಿದ್ದರೂ, ಮಗು ಬಿದ್ದು ಉಸಿರಾಡದಿದ್ದರೆ ಎದೆ ಒತ್ತುವುದು ಗೊತ್ತಿರುವ ಒಬ್ಬ ಮೇಷ್ಟ್ರು ಜೊತೆಗಿರಲೇಬೇಕು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಬಿಪಿ ನೋಡುವಾಗ ಮಗುವಿನ ತೋಳಿಗೆ ಸರಿಹೊಂದುವ ಪಟ್ಟಿ ಬೇಕು. ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಬರುತ್ತದೆ. ತೊಡೆಸಂದಿಯ ನಾಡಿ ಮುಟ್ಟಿ ನೋಡಬೇಕು. ಕೈಯಲ್ಲಿ ಬಿಪಿ ಜಾಸ್ತಿ ಇದ್ದು ಅಲ್ಲಿ ನಾಡಿ ಸಣ್ಣಗಿದ್ದರೆ ಮಹಾಧಮನಿ ಎಲ್ಲೋ ಕಿರಿದಾಗಿದೆ. ಕಣ್ಣಿನ ಕೆಳರೆಪ್ಪೆ ಬಿಳಿಚಿದ್ದರೆ ಹಿಮೋಗ್ಲೋಬಿನ್ ಮಾಡಿಸಬೇಕು. ಅದು ಎಂಟಕ್ಕಿಂತ ಕೆಳಗಿರುವ ಹುಡುಗಿಯನ್ನು ಬೆಟ್ಟಕ್ಕೆ ಕಳಿಸಬೇಡಿ, ಮೊದಲು ಕಬ್ಬಿಣದ ಮಾತ್ರೆ. ಮುಟ್ಟು ಯಾರನ್ನೂ ಅನ್‌ಫಿಟ್ ಮಾಡುವ ಕಾರಣವಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ಹಾಗೆ ಬರೆದ ಸರ್ಟಿಫಿಕೇಟ್ ನೋಡಿದ್ದೇನೆ.

ಈಗ ಇನ್ನೊಂದು ಮಗು. ಈ ಮಗುವಿಗೆ "ಫಿಟ್" ಅಂತಲೂ ಬರೆಯುವ ಹಾಗಿರಲಿಲ್ಲ, "ಅನ್‌ಫಿಟ್" ಅಂತ ಬರೆದಿದ್ದರೆ ಅನ್ಯಾಯ ಆಗುತ್ತಿತ್ತು. ಏಳನೇ ಕ್ಲಾಸಿನ ಹುಡುಗಿ, ಬಾಬಾಬುಡನ್‌ಗಿರಿಗೆ ಹೋಗಬೇಕು. ತಾಯಿ ಹೇಳಿದ್ದು, "ಓಡಾಡಿ ಬಂದ್ರೆ ಕೆಮ್ಮು ಸಾರ್, ಸ್ವೀಟ್ ತಿಂತಾಳೆ ಅದಕ್ಕೆ." ಎದೆ ಕೇಳಿದೆ, ಸ್ವಚ್ಛವಾಗಿತ್ತು. ದಣಿದಾಗ ಮಾತ್ರ ಬರುವ ಆಸ್ತಮಾ ಕುರ್ಚಿಯ ಮೇಲೆ ಕೂತ ಮಗುವಿನಲ್ಲಿ ಸಿಗುವುದಿಲ್ಲ. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಅಳೆಯುವ ಪೀಕ್ ಫ್ಲೋ ಮೀಟರ್ ಊದಿಸಿದೆ, 300. ಕ್ಲಿನಿಕ್ಕಿನ ಹಿಂದಿನ ಅಂಗಳದಲ್ಲಿ ಆರು ನಿಮಿಷ ಚೆನ್ನಾಗಿ ಓಡಿಸಿದೆ. ನಿಂತ ತಕ್ಷಣ ಊದಿಸಿ ಕಳಿಸಬಾರದು, ಶ್ವಾಸನಾಳ ಬಿಗಿಯುವುದು ಓಟ ನಿಂತ ಐದು ಹತ್ತು ನಿಮಿಷಕ್ಕೆ. ಹತ್ತು ನಿಮಿಷ ಬಿಟ್ಟು ಊದಿಸಿದೆ, 240. ಅರವತ್ತು ಕಡಿಮೆ, ಅಂದರೆ ನೂರಕ್ಕೆ ಇಪ್ಪತ್ತು. ಹದಿನೈದು ಬಿದ್ದರೇ ಸಾಕು, ಆಸ್ತಮಾ ಅನ್ನಲು. ಬೆಟ್ಟದ ಮೇಲಿನ ತಣ್ಣನೆ ಒಣ ಗಾಳಿಯಲ್ಲಿ ಇದು ಇನ್ನೂ ಜಾಸ್ತಿ ಆಗುತ್ತದೆ. ಸಾಲ್ಬುಟಮಾಲ್ ಇನ್ಹೇಲರ್ ಕೊಟ್ಟ ಮೇಲೆ ಮತ್ತೆ 300ರ ಹತ್ತಿರ ಬಂತು.

ಟ್ರೆಕ್‌ಗೆ ಇನ್ನೂ ಮೂರು ವಾರ ಇತ್ತು. ಅಷ್ಟೂ ದಿನ ಊತ ಇಳಿಸುವ ಇನ್ಹೇಲರನ್ನು ದಿನವೂ ತೆಗೆದುಕೊಳ್ಳಲು ಹೇಳಿದೆ. "ಇನ್ಹೇಲರ್ ಅಭ್ಯಾಸ ಆಗಿಬಿಡಲ್ವಾ?" ಅಂತ ಕೇಳಿದರು. "ಕನ್ನಡಕ ಅಭ್ಯಾಸ ಆದ ಹಾಗೆ ಅಮ್ಮಾ, ಬೇಕಾದವರಿಗೆ ಬೇಕು" ಅಂದೆ. ಸರ್ಟಿಫಿಕೇಟಿನಲ್ಲಿ ಬರೆದದ್ದು ಹೀಗೆ:

"ಷರತ್ತಿನ ಮೇಲೆ ಫಿಟ್. ಹತ್ತಲು ಶುರು ಮಾಡುವ 15 ನಿಮಿಷ ಮುಂಚೆ ಸ್ಪೇಸರ್ ಕೊಳವೆಯ ಮೂಲಕ ಸಾಲ್ಬುಟಮಾಲ್ 2 ಪಫ್. ಇನ್ಹೇಲರ್ ಮಗುವಿನ ಬ್ಯಾಗಿನಲ್ಲೇ ಇರಬೇಕು, ಬಸ್ಸಿನಲ್ಲಿ ಬಿಡಬಾರದು. ಕೆಮ್ಮು ಅಥವಾ ಏದುಸಿರು ಬಂದರೆ ನಿಲ್ಲಿಸಿ ಕೂರಿಸಿ, ಒಂದೊಂದಾಗಿ 4 ಪಫ್. 4 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ 4. ಆಗಲೂ ಸುಧಾರಿಸದಿದ್ದರೆ 108ಕ್ಕೆ ಫೋನ್ ಮಾಡಿ, ಅಲ್ಲಿಯವರೆಗೆ ಹೀಗೇ ಕೊಡುತ್ತಿರಿ. ಟ್ರೆಕ್‌ಗೆ ಮುಂಚಿನ ಒಂದು ವಾರದಲ್ಲಿ ಜ್ವರ ಬಂದರೆ ಅಥವಾ ರಾತ್ರಿ ಕೆಮ್ಮಿಗೆ ಎಚ್ಚರವಾದರೆ ಈ ಸರ್ಟಿಫಿಕೇಟ್ ನಡೆಯುವುದಿಲ್ಲ, ಮತ್ತೆ ತೋರಿಸಬೇಕು."

ಇದನ್ನು ಓದಿದರೆ ಮೇಷ್ಟ್ರಿಗೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ, ಅಲ್ವಾ? "ದೈಹಿಕವಾಗಿ ಮತ್ತು ಮಾನಸಿಕವಾಗಿ ಸದೃಢ" ಅನ್ನುವುದರಿಂದ ಏನು ಗೊತ್ತಾಗುತ್ತದೆ? ಮಾನಸಿಕವಾಗಿ ಅಂತ ಬರೆಯಲು ನಾನು ಆ ಮಗುವಿನ ಮನಸ್ಸಿನ ಏನನ್ನು ಪರೀಕ್ಷೆ ಮಾಡಿದ್ದೇನೆ? ನೋಡದ್ದನ್ನು ಬರೆಯಬಾರದು. "ಯಾವ ತೊಂದರೆಯೂ ಆಗುವುದಿಲ್ಲ" ಅಂತಲೂ ಬರೆಯಬಾರದು, ನಾವು ಜ್ಯೋತಿಷಿಗಳಲ್ಲ. "ಇಂಥ ದಿನ ಪರೀಕ್ಷೆ ಮಾಡಿದಾಗ, ಪೋಷಕರು ಹೇಳಿದ ಮಾಹಿತಿಯ ಮೇಲೆ, ಇಂಥ ಬೆಟ್ಟವನ್ನು ಇಂಥ ದಿನ ಹತ್ತಲು ಅಡ್ಡಿ ಕಾಣಲಿಲ್ಲ" ಅನ್ನಬಹುದು. ಯಾವ ಬೆಟ್ಟ, ಎಷ್ಟು ಹೊತ್ತು ಅಂತ ಶಾಲೆ ಹೇಳದಿದ್ದರೆ ಡಾಕ್ಟರು ಫೋನ್ ಮಾಡಿ ಕೇಳಬೇಕು. ಕ್ಯಾರಂ ಪಂದ್ಯಕ್ಕೂ ಕುದುರೆಮುಖಕ್ಕೂ ಒಂದೇ ಸರ್ಟಿಫಿಕೇಟ್ ಆಗುವುದಿಲ್ಲ.

ಜ್ವರದ ಷರತ್ತು ಎಲ್ಲ ಮಕ್ಕಳಿಗೂ ಇರಲಿ. ವೈರಲ್ ಜ್ವರ ಕೆಲವೊಮ್ಮೆ ಹೃದಯದ ಮಾಂಸಕ್ಕೂ ತಗಲಿರುತ್ತದೆ, ಆಗ ದಣಿವು ಅಪಾಯ. ಜೂನ್‌ನಲ್ಲಿ ಬರೆಸಿದ ಸರ್ಟಿಫಿಕೇಟನ್ನು ಡಿಸೆಂಬರ್‌ನಲ್ಲಿ ತೋರಿಸುವುದರಲ್ಲಿ ಅರ್ಥವಿಲ್ಲ. ಟ್ರೆಕ್‌ಗೆ ಎರಡು ಮೂರು ವಾರ ಮುಂಚೆ ಆದರೆ ಸರಿ, ಏನಾದರೂ ಸಿಕ್ಕರೆ ಸರಿಪಡಿಸಲು ಸಮಯವೂ ಇರುತ್ತದೆ.

ಕಾಗದದ ವಿಷಯ ಸ್ವಲ್ಪ. 2002ರ ವೈದ್ಯಕೀಯ ನಡವಳಿಕೆ ನಿಯಮಗಳ ಪ್ರಕಾರ ಡಾಕ್ಟರು ಕೊಟ್ಟ ಸರ್ಟಿಫಿಕೇಟುಗಳಿಗೆ ಒಂದು ರಿಜಿಸ್ಟರ್ ಇಡಬೇಕು, ಪ್ರತಿ ಇಟ್ಟುಕೊಳ್ಳಬೇಕು. ಅದರಲ್ಲಿ ವಿಳಾಸ, ಮೈಮೇಲಿನ ಒಂದು ಗುರುತು, ಸಹಿ ಅಥವಾ ಹೆಬ್ಬೆಟ್ಟು ಇರಬೇಕು. ಸುಳ್ಳು ಸರ್ಟಿಫಿಕೇಟ್ ಕೊಟ್ಟರೆ ಕೌನ್ಸಿಲ್ ಪಟ್ಟಿಯಿಂದ ಹೆಸರೇ ಹೋಗಬಹುದು. ನನ್ನ ಆ ಅರವತ್ತು ಸಹಿಗಳಲ್ಲಿ ಒಂದಕ್ಕೂ ಮಚ್ಚೆಯ ಗುರುತಿರಲಿಲ್ಲ. ಮಗುವನ್ನು ನೋಡಿದ್ದರೆ ತಾನೇ ಮಚ್ಚೆ ಕಾಣುವುದು?

"ಅರವತ್ತು ಮಕ್ಕಳನ್ನ ಹೀಗೆ ನೋಡೋಕೆ ಆಗುತ್ತಾ ಡಾಕ್ಟ್ರೇ?" ಅಂತ ಮೇಷ್ಟ್ರೊಬ್ಬರು ಕೇಳಿದರು. ಒಬ್ಬರಿಗೆ ಹತ್ತು ನಿಮಿಷ ಅಂದರೆ ಹತ್ತು ಗಂಟೆ. ಒಂದೇ ಸಂಜೆಗೆ ಆಗುವುದಿಲ್ಲ. ಪ್ರಶ್ನೆಗಳ ಹಾಳೆಯನ್ನು ಒಂದು ವಾರ ಮುಂಚೆ ಕನ್ನಡದಲ್ಲಿ ಮನೆಗೆ ಕಳಿಸಿ. ಅಜ್ಜಿಯನ್ನೂ ಕೇಳಿ ತುಂಬಿಸಲು ಹೇಳಿ, ಮನೆತನದ ಕಥೆ ಅವರಿಗೇ ಗೊತ್ತಿರುವುದು. ಎಲ್ಲಕ್ಕೂ "ಇಲ್ಲ" ಬಂದ ಮಕ್ಕಳಿಗೆ ಐದು ನಿಮಿಷ ಸಾಕು, "ಹೌದು" ಬಂದವರನ್ನು ಪೋಷಕರ ಜೊತೆ ಬೇರೆ ದಿನ ಕರೆಯಬಹುದು. ಮೂರು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಆ ಹುಡುಗನಿಗೆ ಏನು ಬರೆದೆ ಅಂತ ಕೇಳುತ್ತೀರಿ. "ಹತ್ತುವುದು, ಓಡುವುದು, ಸ್ಪರ್ಧೆ ಸದ್ಯಕ್ಕೆ ಬೇಡ. ಹೃದಯ ತಜ್ಞರು ನೋಡಿ ಹೇಳುವವರೆಗೆ." ಕಾಯಿಲೆಯ ಹೆಸರು ಬರೆಯಲಿಲ್ಲ. ಶಾಲೆಗೆ ಬೇಕಾದದ್ದು ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು. ಹೆಸರು ಬೇಕಾದರೆ ಪೋಷಕರು ಒಪ್ಪಿ ತಾವೇ ಹೇಳಲಿ, ಇಲ್ಲದಿದ್ದರೆ ಸ್ಟಾಫ್ ರೂಮಿನಿಂದ ಕ್ಲಾಸಿಗೆ ಬರಲು ಒಂದು ದಿನ ಸಾಕು. ಅವನು ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ಈಗ ಮಾತ್ರೆಯಲ್ಲಿದ್ದಾನೆ. ಈ ಕಾಯಿಲೆ ಇದ್ದವರಿಗೆ ಎಲ್ಲ ಆಟವೂ ಬಂದ್ ಅನ್ನುತ್ತಿದ್ದ ಕಾಲ ಹೋಗಿದೆ, ಒಬ್ಬೊಬ್ಬರ ಅಪಾಯ ಅಳೆದು ನಿರ್ಧರಿಸುತ್ತಾರೆ. ತಜ್ಞರು ಅವನಿಗೆ ನಡಿಗೆ, ಹಗುರವಾದ ಸೈಕಲ್ ಒಪ್ಪಿದ್ದಾರೆ. ಶಾಲೆಯ ಕ್ರಿಕೆಟ್ಟಿಗೆ ಸ್ಕೋರ್ ಬರೆಯುತ್ತಾನೆ, ಅಂಪೈರನ ಜೊತೆ ಜಗಳ ಆಡುತ್ತಾನೆ.

ಈ ಕಾಯಿಲೆ ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ಸಾಧ್ಯತೆ ಎರಡಕ್ಕೆ ಒಂದು. ಹಾಗಾಗಿ ಮನೆಯವರಿಗೆಲ್ಲ ಎಕೋ ಮಾಡಿಸಿದೆವು. ತಂದೆಯ ಹೃದಯದ ಗೋಡೆಯೂ ದಪ್ಪವಿತ್ತು, ಅವರಿಗೆ ಯಾವ ತೊಂದರೆಯೂ ಇರಲಿಲ್ಲ, ಇವತ್ತಿಗೂ ತೋಟ ಸುತ್ತುತ್ತಾರೆ. ತಂಗಿಯದ್ದು ಸರಿಯಾಗಿತ್ತು. ಆದರೆ ಬೆಳೆಯುವ ವಯಸ್ಸಿನಲ್ಲಿ ಆಮೇಲೂ ಕಾಣಿಸಿಕೊಳ್ಳಬಹುದು, ಒಂದೆರಡು ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. ಅವಳು ಈಗ ಎಂಟನೇ ಕ್ಲಾಸು. ಕಳೆದ ವಾರ ಟ್ರೆಕ್ಕಿನ ಫಾರಂ ಹಿಡಿದು ಬಂದಿದ್ದಳು, ಎಕೋ ರಿಪೋರ್ಟು ಅದರ ಜೊತೆಗೇ ಪಿನ್ ಮಾಡಿಕೊಂಡು.